ಮೂವತ್ತು ಷೇರಿನಲ್ಲಿ ನಾಲ್ಕು ಎಲ್ಲಿ ಹೋದವು?

‘ಮಾವ, ಮೂವತ್ತು ಷೇರು ಬರಬೇಕಿತ್ತು. ಅಕೌಂಟಿನಲ್ಲಿ ಇಪ್ಪತ್ತಾರೇ ಇವೆ. ನಾಲ್ಕನ್ನು ಯಾರು ತಿಂದರು?’

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅಕ್ಕನ ಮಗ ಜುಲೈ ತಿಂಗಳ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಿದ್ದ. ಲೆಕ್ಕಪತ್ರದ ಕೆಲಸದಲ್ಲಿ ತಲೆ ಬೆಳ್ಳಗಾದ ಸೋದರಮಾವ ಮನೆಯಲ್ಲಿದ್ದರೆ ಭಾನುವಾರಗಳಿಗೆ ಇದೇ ಗತಿ. ಅವನ ಕಂಪನಿಯ ಮೂಲ ಅಮೆರಿಕದಲ್ಲಿದೆ. ಅಲ್ಲಿನ ಷೇರುಪೇಟೆಯಲ್ಲಿ ಅದರ ಷೇರು ದಿನವೂ ವ್ಯವಹಾರವಾಗುತ್ತದೆ. ನೌಕರರು ಅದನ್ನು ಕಡಿಮೆ ಬೆಲೆಗೆ ಕೊಳ್ಳಬಹುದಾದ ಯೋಜನೆಗೆ ಇವನೂ ಸೇರಿಕೊಂಡಿದ್ದ. ಐಟಿ ಜನ ಇದನ್ನು ‘ಇಎಸ್‌ಪಿಪಿ’ ಎನ್ನುತ್ತಾರೆ. ಆರು ತಿಂಗಳು ಸಂಬಳದಲ್ಲಿ ಒಂದಿಷ್ಟು ಹಣ ಹಿಡಿದಿಟ್ಟು, ಕೊನೆಯ ದಿನ ಆ ಹಣಕ್ಕೆ ಎಷ್ಟು ಷೇರು ಬರುತ್ತದೋ ಅಷ್ಟನ್ನು ನೌಕರನ ಹೆಸರಿಗೆ ಹಂಚುತ್ತಾರೆ. ಬೆಲೆಯಲ್ಲಿ 15 ಪರ್ಸೆಂಟ್ ರಿಯಾಯಿತಿ.

ಪೇಸ್ಲಿಪ್ ತೆರೆದು ನೋಡಿದೆ. ಆ ತಿಂಗಳು ‘ಇಎಸ್‌ಪಿಪಿ ಪರ್ಕ್ವಿಸಿಟ್’ ಎಂದು 1,14,750 ರೂಪಾಯಿಯ ಒಂದು ಸಾಲು ಹೊಸದಾಗಿ ಬಂದಿತ್ತು. ಟಿಡಿಎಸ್ ಅದಕ್ಕೆ ತಕ್ಕಂತೆ ಏರಿತ್ತು. ಅವನ ತಲೆಯಲ್ಲಿದ್ದ ಲೆಕ್ಕವೇ ಬೇರೆ: ‘ಷೇರು ನೂರು ಡಾಲರ್ ಇತ್ತು, ನನಗೆ ಎಂಬತ್ತೈದಕ್ಕೆ ಕೊಟ್ಟರು. ಒಂದಕ್ಕೆ ಹದಿನೈದು ಡಾಲರ್ ಲಾಭ. ಮೂವತ್ತಕ್ಕೆ ನಾನೂರೈವತ್ತು. ಅಂದರೆ ಮೂವತ್ತೆಂಟು ಸಾವಿರ ಚಿಲ್ಲರೆ. ಒಂದು ಲಕ್ಷ ಹದಿನಾಲ್ಕು ಸಾವಿರ ಎಲ್ಲಿಂದ ಬಂತು?’

ಈ ಪ್ರಶ್ನೆಯನ್ನು ನಾನು ಹತ್ತಾರು ಜನರ ಬಾಯಲ್ಲಿ ಕೇಳಿದ್ದೇನೆ. ರಿಯಾಯಿತಿ ಎಂಬ ಪದಕ್ಕೆ ಕಂಪನಿಯ ಕೈಪಿಡಿಯಲ್ಲಿ ಒಂದು ಅರ್ಥ, ಆದಾಯ ತೆರಿಗೆ ಕಾಯ್ದೆಯಲ್ಲಿ ಇನ್ನೊಂದು ಅರ್ಥ ಇರುವುದರಿಂದ ಹುಟ್ಟುವ ಗೊಂದಲ ಇದು.

ಕಾಯ್ದೆಯ ದೃಷ್ಟಿ ಸರಳ. ಬಟ್ಟೆ ಅಂಗಡಿಯ ಯಜಮಾನ ಹತ್ತು ಸಾವಿರದ ಸೀರೆಯನ್ನು ತನ್ನ ಕೆಲಸಗಾರಳಿಗೆ ಆರು ಸಾವಿರಕ್ಕೆ ಕೊಟ್ಟರೆ ಉಳಿದ ನಾಲ್ಕು ಸಾವಿರವನ್ನು ಅವನು ಸಂಬಳದ ರೂಪದಲ್ಲೇ ಕೊಟ್ಟಂತಾಯಿತು, ನೋಟಿನ ಬದಲು ಸೀರೆಯಾಗಿ ಕೊಟ್ಟ ಅಷ್ಟೆ. ಷೇರಿಗೂ ಇದೇ ತರ್ಕ. 1961ರ ಆದಾಯ ತೆರಿಗೆ ಕಾಯ್ದೆಯ 17(2)(vi) ಕಲಮು ಹೇಳುವುದು ಇಷ್ಟು: ಉದ್ಯೋಗದಾತ ನೇರವಾಗಿಯೋ ಪರೋಕ್ಷವಾಗಿಯೋ ನೌಕರನಿಗೆ ಪುಕ್ಕಟೆ ಅಥವಾ ಕಡಿಮೆ ಬೆಲೆಗೆ ಷೇರು ಹಂಚಿದರೆ, ಷೇರು ಕೊಳ್ಳುವ ಹಕ್ಕನ್ನು ಚಲಾಯಿಸಿದ ದಿನದ ನ್ಯಾಯಯುತ ಮಾರುಕಟ್ಟೆ ಬೆಲೆಯಿಂದ ನೌಕರ ನಿಜವಾಗಿ ಕಟ್ಟಿದ ಹಣವನ್ನು ಕಳೆದು ಉಳಿದದ್ದು ಪರ್ಕ್ವಿಸಿಟ್. ಅದು ಸಂಬಳದ ಭಾಗ. ಷೇರು ಹಂಚಿಕೆಯಾದ ವರ್ಷದ ಆದಾಯಕ್ಕೆ ಸೇರುತ್ತದೆ. ‘ಪರೋಕ್ಷವಾಗಿ’ ಎಂಬ ಮಾತು ಇಲ್ಲಿ ಬಹಳ ಕೆಲಸ ಮಾಡುತ್ತದೆ. ಷೇರು ಕೊಟ್ಟದ್ದು ಅಮೆರಿಕದ ತಾಯಿ ಕಂಪನಿ, ಸಂಬಳ ಕೊಡುವುದು ಬೆಂಗಳೂರಿನ ಕಂಪನಿ. ಆದರೂ ತೆರಿಗೆ ಹಿಡಿಯುವ ಹೊಣೆಯಿಂದ ಬೆಂಗಳೂರಿನ ಕಂಪನಿ ತಪ್ಪಿಸಿಕೊಳ್ಳುವಂತಿಲ್ಲ.

ಈಗ ಅವನ ಮೂವತ್ತು ಷೇರಿಗೆ ಬರೋಣ. ಯೋಜನೆಯ ಅವಧಿ ಜನವರಿಯಲ್ಲಿ ಶುರುವಾದ ದಿನ ಷೇರಿನ ಬೆಲೆ 100 ಡಾಲರ್. ಜೂನ್ ಕೊನೆಯಲ್ಲಿ, ಅಂದರೆ ಖರೀದಿಯ ದಿನ, ಅದು 130 ಡಾಲರ್‌ಗೆ ಏರಿತ್ತು. ಇಂಥ ಹಲವು ಯೋಜನೆಗಳಲ್ಲಿ ‘ಲುಕ್‌ಬ್ಯಾಕ್’ ಎಂಬ ಸೌಲಭ್ಯವಿರುತ್ತದೆ. ಮೊದಲ ದಿನದ ಬೆಲೆ, ಕೊನೆಯ ದಿನದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ 15 ಪರ್ಸೆಂಟ್ ಬಿಡುತ್ತಾರೆ. ಹಾಗಾಗಿ ಅವನು ಕೊಟ್ಟದ್ದು ನೂರರ ಮೇಲೆ ಹದಿನೈದು ಬಿಟ್ಟು 85 ಡಾಲರ್. ಪಡೆದದ್ದು ಆ ಹೊತ್ತಿಗೆ ಪೇಟೆಯಲ್ಲಿ 130 ಡಾಲರ್ ಬಾಳುತ್ತಿದ್ದ ಷೇರು. ಜನವರಿಯ ನೂರು ಡಾಲರ್ ಕಾಯ್ದೆಗೆ ಬೇಕಿಲ್ಲ. ಅದು ಖರೀದಿಯ ದಿನವನ್ನಷ್ಟೇ ನೋಡುತ್ತದೆ. ಆದ್ದರಿಂದ ಒಂದು ಷೇರಿಗೆ ತೆರಿಗೆಗೆ ಒಳಪಡುವ ಲಾಭ ಹದಿನೈದಲ್ಲ, 45 ಡಾಲರ್. ಮೂವತ್ತಕ್ಕೆ 1,350 ಡಾಲರ್. ಲೆಕ್ಕ ಸುಲಭವಾಗಲೆಂದು ಈ ಬರಹದ ಉದ್ದಕ್ಕೂ ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ, 1,14,750 ರೂಪಾಯಿ. ಪೇಸ್ಲಿಪ್‌ನಲ್ಲಿದ್ದದ್ದು ಇದೇ.

‘ಅಂದರೆ ಬೆಲೆ ಏರಿದ್ದಕ್ಕೂ ಸಂಬಳದ ತೆರಿಗೆನಾ?’ ಎಂದ. ಹೌದು. ಅವನು ಷೇರು ಹಿಡಿದುಕೊಂಡೇ ಇಲ್ಲದ ಆರು ತಿಂಗಳಲ್ಲಿ ಆದ ಏರಿಕೆಯೂ ಸಂಬಳವಾಗಿಬಿಟ್ಟಿತು. ಅದೇ ಏರಿಕೆ ಹಂಚಿಕೆಯ ಮರುದಿನದಿಂದ ಆಗಿದ್ದರೆ ಬಂಡವಾಳ ಲಾಭ ಎನಿಸಿಕೊಂಡು, ಸಾಕಷ್ಟು ಕಾಲ ಇಟ್ಟುಕೊಂಡರೆ ಕಡಿಮೆ ದರದ ತೆರಿಗೆಗೆ ಬರುತ್ತಿತ್ತು. ಹಂಚಿಕೆಯ ದಿನ ಎಂಬುದು ಗದ್ದೆಯ ಬದುವಿನಂತೆ. ಅದರ ಈಚೆಗೆ ಆದದ್ದೆಲ್ಲ ಸಂಬಳ, ಆಚೆಗೆ ಆಗುವುದೆಲ್ಲ ಬಂಡವಾಳ ಲಾಭ ಅಥವಾ ನಷ್ಟ.

ಅವನದು ಮೂವತ್ತು ಪರ್ಸೆಂಟ್ ಸ್ಲ್ಯಾಬ್. 4 ಪರ್ಸೆಂಟ್ ಸೆಸ್ ಸೇರಿದರೆ 31.2. ಒಂದು ಲಕ್ಷ ಹದಿನಾಲ್ಕು ಸಾವಿರದ ಏಳುನೂರೈವತ್ತರ ಮೇಲೆ 35,802 ರೂಪಾಯಿ ತೆರಿಗೆ. ಆದರೆ ಅವನ ಕೈಗೆ ನಗದು ಒಂದು ರೂಪಾಯಿಯೂ ಬಂದಿರಲಿಲ್ಲ, ಬಂದದ್ದು ಷೇರು. ಕಂಪನಿ ಆ ತೆರಿಗೆಯನ್ನು ಎಲ್ಲಿಂದ ಹಿಡಿಯಬೇಕು? ಕೆಲವು ಕಂಪನಿಗಳು ಆ ತಿಂಗಳ ಸಂಬಳದಿಂದಲೇ ಮುರಿದುಕೊಳ್ಳುತ್ತವೆ, ಆಗ ಜುಲೈ ತಿಂಗಳ ಮನೆ ಬಾಡಿಗೆಗೆ ತಡಕಾಡಬೇಕಾಗುತ್ತದೆ. ಇವನ ಕಂಪನಿಯದು ಎರಡನೆಯ ದಾರಿ. ತೆರಿಗೆಗೆ ಸಾಕಾಗುವಷ್ಟು ಷೇರನ್ನು ಹಂಚಿಕೆಯ ದಿನವೇ ಮಾರಿ ಉಳಿದದ್ದನ್ನು ಅಕೌಂಟಿಗೆ ಹಾಕುವುದು. 130 ಡಾಲರ್‌ನ ಮೂರು ಷೇರು ಮಾರಿದರೆ ಸ್ವಲ್ಪ ಕಡಿಮೆ ಬೀಳುತ್ತದೆ. ಆದ್ದರಿಂದ ನಾಲ್ಕು ಮಾರಿದರು. 44,200 ರೂಪಾಯಿ ಬಂತು, ತೆರಿಗೆ ಕಳೆದು ಮಿಕ್ಕ 8,398 ರೂಪಾಯಿಯನ್ನು ಸಂಬಳದ ಜೊತೆ ಹಿಂದಿರುಗಿಸಿದ್ದರು. ಅದು ಪೇಸ್ಲಿಪ್‌ನ ಇನ್ನೊಂದು ಮೂಲೆಯಲ್ಲಿ, ಅರ್ಥವಾಗದ ಸಂಕ್ಷಿಪ್ತ ಹೆಸರಿನಲ್ಲಿ ಕೂತಿತ್ತು. ನಾಲ್ಕು ಷೇರು ತಿಂದವರು ಸಿಕ್ಕಿದರು.

ಇಲ್ಲಿ ಇಪ್ಪತ್ತಾರೇ ಬಂದವಲ್ಲ, ಇಪ್ಪತ್ತಾರಕ್ಕೇ ತೆರಿಗೆ ಹಾಕಬೇಕಿತ್ತಲ್ಲ ಎಂದು ಹಲವರು ವಾದಿಸುತ್ತಾರೆ. ಇಲ್ಲ. ಹಂಚಿಕೆಯಾದದ್ದು ಮೂವತ್ತು. ನಾಲ್ಕನ್ನು ಮಾರಿದ್ದು ಅವನೇ, ಕಂಪನಿ ಅವನ ಪರವಾಗಿ ಮಾರಿತು ಅಷ್ಟೆ. ಆ ನಾಲ್ಕರ ಮಾರಾಟವನ್ನು ರಿಟರ್ನ್‌ನಲ್ಲಿ ಬಂಡವಾಳ ಲಾಭದ ಪಟ್ಟಿಯಲ್ಲಿ ತೋರಿಸಬೇಕು. ಕೊಂಡ ಬೆಲೆಯೂ ಮಾರಿದ ಬೆಲೆಯೂ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಲಾಭ ಸೊನ್ನೆಯ ಹತ್ತಿರ. ಆದರೂ ಸಾಲು ಬಿಡಬಾರದು.

ಇನ್ನೊಂದು ಅಳಲೂ ಇತ್ತು: ‘ಹಿಡಿದಿಟ್ಟ ದುಡ್ಡು ತೆರಿಗೆ ಕಟ್ಟಿದ ಸಂಬಳದ್ದೇ ಅಲ್ವಾ ಮಾವ?’ ತಿಂಗಳಿಗೆ 36,125ರಂತೆ ಆರು ತಿಂಗಳಿಗೆ ಅವನು ಕಟ್ಟಿದ್ದು 2,16,750 ರೂಪಾಯಿ. ಅದು ತೆರಿಗೆ ಮುಗಿದ ಹಣವೇ ಹೌದು. ಅದಕ್ಕೇ ಅದನ್ನು ಷೇರುಗಳ ಬೆಲೆಯಿಂದ ಪೂರ್ತಿ ಕಳೆದಿದ್ದಾರೆ. ಷೇರೊಂದರಲ್ಲಿ ಮೊದಲ 85 ಡಾಲರ್ ಅವನ ಸ್ವಂತದ್ದು, ಮೇಲಿನ 45 ಉದ್ಯೋಗದಾತನದು. ತೆರಿಗೆ ಬಿದ್ದದ್ದು ಮೇಲಿನ ಭಾಗಕ್ಕೆ ಮಾತ್ರ.

ಈ ‘ನ್ಯಾಯಯುತ ಮಾರುಕಟ್ಟೆ ಬೆಲೆ’ಯನ್ನು ಯಾರು ಹೇಳುತ್ತಾರೆ ಎಂಬುದು ಸ್ವಲ್ಪ ವಿಚಿತ್ರವಾದ ಕಥೆ. ನಮ್ಮ ದೇಶದ ಷೇರುಪೇಟೆಯಲ್ಲಿ ನೋಂದಾಯಿತ ಷೇರಾದರೆ, ಹಕ್ಕು ಚಲಾಯಿಸಿದ ದಿನದ ಆರಂಭಿಕ ಬೆಲೆ ಮತ್ತು ಮುಕ್ತಾಯದ ಬೆಲೆಯ ಸರಾಸರಿ. ಬೆಳಿಗ್ಗೆ 1,490ಕ್ಕೆ ತೆರೆದು ಸಂಜೆ 1,510ಕ್ಕೆ ಮುಚ್ಚಿದರೆ 1,500. ಎರಡು ಪೇಟೆಗಳಲ್ಲಿ ನೋಂದಾಯಿತವಾಗಿದ್ದರೆ ಆ ದಿನ ಹೆಚ್ಚು ವ್ಯವಹಾರ ನಡೆದ ಪೇಟೆಯ ಬೆಲೆ. ಆದರೆ ಈ ನಿಯಮದಲ್ಲಿ ‘ಮಾನ್ಯತೆ ಪಡೆದ ಷೇರುಪೇಟೆ’ ಎಂದರೆ ಭಾರತದ ಷೇರುಪೇಟೆ. ನ್ಯೂಯಾರ್ಕಿನಲ್ಲಿ ದಿನಕ್ಕೆ ಕೋಟಿಗಟ್ಟಲೆ ಷೇರು ಕೈ ಬದಲಿಸಿದರೂ ನಮ್ಮ ನಿಯಮದ ಕಣ್ಣಿಗೆ ಅದು ನೋಂದಾಯಿಸದ ಷೇರು! ಹಾಗಾಗಿ ಸೆಬಿಯಲ್ಲಿ ನೋಂದಾಯಿತನಾದ ಮೊದಲ ವರ್ಗದ ಮರ್ಚೆಂಟ್ ಬ್ಯಾಂಕರ್ ಒಬ್ಬನಿಂದ ಕಂಪನಿ ಬೆಲೆಯ ಪ್ರಮಾಣಪತ್ರ ತರಬೇಕು. ಆ ಪ್ರಮಾಣಪತ್ರ ಖರೀದಿಯ ದಿನದ್ದೇ ಇರಬೇಕೆಂದಿಲ್ಲ, ಅದಕ್ಕೆ 180 ದಿನಗಳ ಹಿಂದಿನವರೆಗಿನ ಯಾವುದಾದರೂ ದಿನದ್ದಾದರೂ ನಡೆಯುತ್ತದೆ. ಪೇಸ್ಲಿಪ್‌ನ ಬೆಲೆಗೂ ಬ್ರೋಕರ್ ತೋರಿಸುವ ಆ ದಿನದ ಬೆಲೆಗೂ ವ್ಯತ್ಯಾಸ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಡಾಲರ್ ದರದ ವ್ಯತ್ಯಾಸ ಆಮೇಲೆ. ಪೇರೋಲ್‌ನವರನ್ನು ಕೇಳಿದರೆ ಬಳಸಿದ ಬೆಲೆ, ಬಳಸಿದ ದರ ಎರಡನ್ನೂ ಕೊಡುತ್ತಾರೆ. ಆ ಮಿಂಚಂಚೆಯನ್ನು ಅಳಿಸಬೇಡ ಎಂದು ಹುಡುಗನಿಗೆ ಹೇಳಿದೆ. ಕಾರಣ ಡಿಸೆಂಬರಿನಲ್ಲಿ ಗೊತ್ತಾಗಲಿತ್ತು.

ಅವನು ಇಷ್ಟರಲ್ಲಿ ಅಮೆರಿಕದ ಒಂದು ಲೇಖನ ತೆರೆದು ತೋರಿಸಿದ. ಕೊಂಡಾಗ ತೆರಿಗೆ ಇಲ್ಲ, ಮಾರಿದಾಗ ಮಾತ್ರ. ಅವಧಿ ಶುರುವಾದ ದಿನದಿಂದ ಎರಡು ವರ್ಷ, ಕೊಂಡ ದಿನದಿಂದ ಒಂದು ವರ್ಷ ದಾಟಿಸಿದರೆ ಇನ್ನೂ ಅನುಕೂಲ ಎಂದೆಲ್ಲ ಅದರಲ್ಲಿತ್ತು. ಸುಳ್ಳೇನಲ್ಲ. ಅಮೆರಿಕದ ತೆರಿಗೆ ಸಂಹಿತೆಯ 423ನೆಯ ಕಲಮಿಗೆ ಒಪ್ಪುವ ಯೋಜನೆಯಲ್ಲಿ, ಅಲ್ಲಿನ ತೆರಿಗೆ ಕಟ್ಟುವ ನೌಕರನಿಗೆ ಅದು ನಿಜ. 15 ಪರ್ಸೆಂಟ್ ಎಂಬ ಮಿತಿ ಬಂದದ್ದೂ ಅದೇ ಕಲಮಿನಿಂದ, ಅದಕ್ಕಿಂತ ಹೆಚ್ಚು ಬಿಟ್ಟರೆ ಆ ಸೌಲಭ್ಯ ಸಿಗುವುದಿಲ್ಲ. ಒಂದೇ ತಂಡ, ಒಂದೇ ಯೋಜನೆ, ಒಂದೇ ದಿನ ಹಂಚಿಕೆಯಾದ ಷೇರು. ಕ್ಯಾಲಿಫೋರ್ನಿಯಾದಲ್ಲಿ ಕೂತವನಿಗೆ ಆ ದಿನ ಏನೂ ಆಗುವುದಿಲ್ಲ, ವೈಟ್‌ಫೀಲ್ಡಿನಲ್ಲಿ ಕೂತವನ ನಾಲ್ಕು ಷೇರು ಹೋಗುತ್ತದೆ. ಕಂಪನಿಯ ಕೈಪಿಡಿ ಬಹುಮಟ್ಟಿಗೆ ಅಲ್ಲಿಯವರಿಗಾಗಿ ಬರೆದದ್ದು. ನಮ್ಮ ಹುಡುಗರು ಅದನ್ನು ಓದಿ, ಎರಡು ವರ್ಷ ಮಾರದಿದ್ದರೆ ತೆರಿಗೆ ಉಳಿಯುತ್ತದೆ ಎಂದು ಕಾಯುತ್ತಾರೆ. ಆ ಕಾಯುವಿಕೆಯಿಂದ ಇಲ್ಲಿನ ಪರ್ಕ್ವಿಸಿಟ್ ಒಂದು ರೂಪಾಯಿಯೂ ಕಮ್ಮಿಯಾಗುವುದಿಲ್ಲ.

ಮಾರುವ ಮುನ್ನವೇ ತೆರಿಗೆ ಕೇಳುವುದು ನ್ಯಾಯವೇ ಎಂಬ ಜಗಳ ಹಳೆಯದು, ಅದರ ಒಂದು ದೊಡ್ಡ ಅಧ್ಯಾಯ ಬೆಂಗಳೂರಿನದ್ದೇ. 1994ರಲ್ಲಿ ಇನ್ಫೋಸಿಸ್ ನೌಕರರ ಕಲ್ಯಾಣಕ್ಕೆಂದು ಟ್ರಸ್ಟ್ ಮಾಡಿ, ಅದರ ಮೂಲಕ ನೌಕರರಿಗೆ ವಾರಂಟ್‌ಗಳನ್ನು ಕೊಟ್ಟಿತು. ಅವುಗಳ ಬಲದಿಂದ ಷೇರೊಂದನ್ನು 100 ರೂಪಾಯಿಗೆ ಪಡೆಯಬಹುದಿತ್ತು. ಆದರೆ ಐದು ವರ್ಷ ಮಾರುವಂತಿರಲಿಲ್ಲ. ಪೇಟೆಯ ಬೆಲೆ ಅದಕ್ಕಿಂತ ಬಹಳ ಮೇಲಿದ್ದುದರಿಂದ ತೆರಿಗೆ ಇಲಾಖೆ ವ್ಯತ್ಯಾಸವನ್ನು ಪರ್ಕ್ವಿಸಿಟ್ ಎಂದು ಲೆಕ್ಕ ಹಾಕಿ, ಟಿಡಿಎಸ್ ಏಕೆ ಹಿಡಿಯಲಿಲ್ಲ ಎಂದು ಕಂಪನಿಯ ಬೆನ್ನು ಹತ್ತಿತು. ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಮಾರಲಾಗದ ಷೇರಿನಿಂದ ಆ ಹೊತ್ತಿಗೆ ನಗದಾಗಿಸಬಲ್ಲ ಲಾಭವೇ ಇರಲಿಲ್ಲ, ಅದನ್ನು ಬೆಲೆಕಟ್ಟಿ ತೆರಿಗೆಗೆ ತರುವ ವಿಧಿಯೂ ಆ ವರ್ಷಗಳ ಕಾಯ್ದೆಯಲ್ಲಿ ಇರಲಿಲ್ಲ ಎಂಬುದು ಅದರ ಸಾರ.

ಕಾಯ್ದೆಯೂ ಸುಮ್ಮನೆ ಕೂತಿರಲಿಲ್ಲ. 2007ರ ಏಪ್ರಿಲ್‌ನಿಂದ ಎರಡು ವರ್ಷ ಈ ಲಾಭದ ಮೇಲೆ ಫ್ರಿಂಜ್ ಬೆನಿಫಿಟ್ ತೆರಿಗೆ ಹಾಕಿ ಹೊರೆಯನ್ನು ಉದ್ಯೋಗದಾತನ ತಲೆಗೆ ಕಟ್ಟಿತು. 2009ರಲ್ಲಿ ಆ ತೆರಿಗೆಯೇ ರದ್ದಾಯಿತು, ಈಗಿನ 17(2)(vi) ಬಂತು, ಹೊರೆ ನೌಕರನ ಹೆಗಲಿಗೆ ಮರಳಿತು. ಇನ್ಫೋಸಿಸ್ ತೀರ್ಪಿನ ಬಲದಿಂದ ಈಗ ಯಾರಾದರೂ ‘ಲಾಕ್-ಇನ್ ಇದೆ, ಮಾರಲಾರೆ, ತೆರಿಗೆ ಬೇಡ’ ಎಂದರೆ ನಾನಂತೂ ಭರವಸೆ ಕೊಡಲಾರೆ. ಆಗ ಇಲ್ಲದಿದ್ದ ಬೆಲೆ ಕಟ್ಟುವ ವಿಧಿ ಈಗ ಇದೆ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದರೂ ಈ ಮೂಲ ಸೂತ್ರ ಮುಂದುವರಿಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೆಲವು ಸ್ಟಾರ್ಟ್‌ಅಪ್‌ಗಳ ನೌಕರರಿಗೆ ಮಾತ್ರ 2020ರಲ್ಲಿ ಒಂದು ಸಡಿಲಿಕೆ ಸಿಕ್ಕಿತು. ಅವರ ತೆರಿಗೆಯನ್ನು ಷೇರು ಮಾರುವ ತನಕ, ಕೆಲಸ ಬಿಡುವ ತನಕ, ಅಥವಾ ನಿಗದಿತ ಕೆಲವು ವರ್ಷಗಳ ಗಡುವು ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯವರೆಗೆ ಮುಂದೂಡಬಹುದು. ಅಲ್ಲೂ ಬೆಲೆ ಕಟ್ಟುವುದು ಹಳೆಯ ದಿನದ್ದೇ, ಮುಂದೆ ಹೋಗುವುದು ಕಟ್ಟುವ ದಿನ ಮಾತ್ರ. ದೊಡ್ಡ ಬಹುರಾಷ್ಟ್ರೀಯ ಕಂಪನಿಯ ನೌಕರನಿಗೆ ಇದರಿಂದ ಉಪಯೋಗವಿಲ್ಲ.

ಡಿಸೆಂಬರಿನಲ್ಲಿ ಹುಡುಗ ಉಳಿದ ಇಪ್ಪತ್ತಾರು ಷೇರು ಮಾರಿದ. ಬೆಲೆ ಇಳಿದು 112 ಡಾಲರಿಗೆ ಬಂದಿತ್ತು. ರಿಟರ್ನ್ ತುಂಬುವ ಕಾಲಕ್ಕೆ ಫೋನ್ ಮಾಡಿ, ‘85ಕ್ಕೆ ಕೊಂಡೆ, 112ಕ್ಕೆ ಮಾರಿದೆ, 27 ಡಾಲರ್ ಲಾಭ, ಎಲ್ಲ ತುಂಬಿಯಾಯ್ತು’ ಎಂದ. ಇಲ್ಲಿಯೇ ಅತಿ ಹೆಚ್ಚು ಜನ ಎಡವುತ್ತಾರೆ ಎಂಬುದು ನನ್ನ ಅನುಭವ.

ಅವನ ಪ್ರಕಾರ 26 ಷೇರಿಗೆ 702 ಡಾಲರ್, ಅಂದರೆ 59,670 ರೂಪಾಯಿ ಲಾಭ. ವಿದೇಶಿ ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮಾತ್ರ ದೀರ್ಘಾವಧಿ. ಅವನಿಟ್ಟದ್ದು ಆರು ತಿಂಗಳು, ಆದ್ದರಿಂದ ಸ್ಲ್ಯಾಬ್ ದರದಲ್ಲೇ ತೆರಿಗೆ. 18,617 ರೂಪಾಯಿ ಕಟ್ಟಲು ಸಿದ್ಧನಾಗಿದ್ದ. ಆದರೆ 85ರಿಂದ 130ರವರೆಗಿನ ಭಾಗಕ್ಕೆ ಜೂನ್‌ನಲ್ಲೇ ಸಂಬಳವೆಂದು ತೆರಿಗೆ ಕಟ್ಟಿಯಾಗಿದೆಯಲ್ಲ! ಅದಕ್ಕೇ ಕಾಯ್ದೆಯ 49(2AA) ಕಲಮು, ಪರ್ಕ್ವಿಸಿಟ್ ಲೆಕ್ಕಕ್ಕೆ ಬಳಸಿದ ಮಾರುಕಟ್ಟೆ ಬೆಲೆಯೇ ಮುಂದೆ ಷೇರಿನ ಕೊಂಡ ಬೆಲೆ ಎನ್ನುತ್ತದೆ. ಹಾಗಾಗಿ ಅವನ ಕೊಂಡ ಬೆಲೆ 85 ಅಲ್ಲ, 130. ಮಾರಿದ್ದು 112. ಷೇರಿಗೆ 18 ಡಾಲರ್‌ನಂತೆ 39,780 ರೂಪಾಯಿ ನಷ್ಟ. ಕಟ್ಟಬೇಕಾದ ತೆರಿಗೆ ಸೊನ್ನೆ.

ತಪ್ಪಿಗೆ ಅವನೊಬ್ಬನನ್ನೇ ದೂರುವಂತಿಲ್ಲ. ಬ್ರೋಕರ್‌ನ ಲೆಕ್ಕಪಟ್ಟಿಯಲ್ಲಿ ಕೊಂಡ ಬೆಲೆಯ ಜಾಗದಲ್ಲಿ ಹೆಚ್ಚಾಗಿ ನೌಕರ ಕಟ್ಟಿದ 85 ಮಾತ್ರ ಇರುತ್ತದೆ. ಪರ್ಕ್ವಿಸಿಟ್ ಇರುವುದು ಕಂಪನಿಯ ಫಾರ್ಮ್ 16ರಲ್ಲಿ, ಅದರ ಜೊತೆಗೆ ಬರುವ 12ಬಿಎಯಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ಕಡಿಮೆ. ಜುಲೈಯಲ್ಲಿ ಅಳಿಸಬೇಡ ಎಂದಿದ್ದ ಪೇರೋಲ್ ಮಿಂಚಂಚೆ ಬೇಕಾದದ್ದು ಇದಕ್ಕೆ. 130 ಡಾಲರ್ ಎಂಬುದಕ್ಕೆ ಅದೇ ಸಾಕ್ಷಿ. ತಿರುಗುಮುರುಗಾದ ಪ್ರಕರಣವನ್ನೂ ನೋಡಿದ್ದೇನೆ. ಫಾರ್ಮ್ 16ರಲ್ಲಿ ಪರ್ಕ್ವಿಸಿಟ್ ಬಂದೇ ಇಲ್ಲ, ಕಂಪನಿ ಬಿಟ್ಟಿದೆ. ಕಂಪನಿ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಆದಾಯ ಮಾಯವಾಗುವುದಿಲ್ಲ. ಅದನ್ನು ನೌಕರ ತಾನೇ ಸಂಬಳಕ್ಕೆ ಸೇರಿಸಬೇಕು, ಆಮೇಲಷ್ಟೇ 130ನ್ನು ಕೊಂಡ ಬೆಲೆ ಎನ್ನಲು ಬಾಯಿ ಬರುತ್ತದೆ.

‘ಹಾಗಾದರೆ ಈ ನಷ್ಟವನ್ನು ಆ ಒಂದು ಲಕ್ಷ ಹದಿನಾಲ್ಕು ಸಾವಿರದಿಂದ ಕಳೀಬಹುದಾ?’ ಎಂದ ಆಸೆಯಿಂದ. ಆಗುವುದಿಲ್ಲ. ಬದುವಿನ ಮಾತು ಇಲ್ಲಿ ಕಚ್ಚುತ್ತದೆ. ಬಂಡವಾಳ ನಷ್ಟವನ್ನು ಬಂಡವಾಳ ಲಾಭದಿಂದ ಮಾತ್ರ ಕಳೆಯಬಹುದು, ಸಂಬಳದಿಂದ ಕಳೆಯುವಂತಿಲ್ಲ. ಅವನ ಕೈಗೆ ನಿಜವಾಗಿ ಬಂದ ಲಾಭ ಎಲ್ಲ ಸೇರಿ ಸುಮಾರು 75 ಸಾವಿರ, ತೆರಿಗೆ ಬಿದ್ದದ್ದು ಒಂದು ಲಕ್ಷ ಹದಿನಾಲ್ಕು ಸಾವಿರದ ಮೇಲೆ. ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಅದಕ್ಕೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿರಬೇಕು. ಮುಂದೆಂದೋ ಲಾಭ ಬಂದರೆ ಅಲ್ಲಿ ಕಳೆದುಕೊಳ್ಳಲಿ. ಇದು ಈ ಕಾಯ್ದೆಯ ನಿಜವಾದ ಕೊರತೆ ಎಂದೇ ನನ್ನ ಅಭಿಪ್ರಾಯ. ಬೆಲೆ 85ಕ್ಕಿಂತ ಕೆಳಗೆ ಬಿದ್ದು, ಕೈಯಿಂದಲೇ ಕಳೆದುಕೊಂಡವನಿಗೂ ಜೂನ್ ತಿಂಗಳ ತೆರಿಗೆ ವಾಪಸ್ ಬರುವುದಿಲ್ಲ. ಹಾಗಾಗಿ, ಕಂಪನಿಯ ಭವಿಷ್ಯದ ಬಗ್ಗೆ ಬೇರೆ ಯಾವ ನಂಬಿಕೆಯೂ ಇಲ್ಲದೆ ಕೇವಲ ರಿಯಾಯಿತಿಗಾಗಿ ಸೇರಿದವರು ಹಂಚಿಕೆಯಾದ ಕೂಡಲೇ ಮಾರುವುದರಲ್ಲಿ ಅರ್ಥವಿದೆ. ಬೆಲೆ ಏರದೆ ನಿಂತಿದ್ದರೂ 85 ಕೊಟ್ಟು 100ರ ಷೇರು ಪಡೆದವನಿಗೆ, ಮೇಲಿನ ಸ್ಲ್ಯಾಬಿನ ತೆರಿಗೆ ಹೋಗಿಯೂ ಹಾಕಿದ ಹಣದ ಮೇಲೆ 12 ಪರ್ಸೆಂಟ್ ಉಳಿಯುತ್ತದೆ.

ರಿಟರ್ನ್ ತಿದ್ದಿಸಿದೆ. ನಾಲ್ಕರ ಸಾಲು, ಇಪ್ಪತ್ತಾರರ ಸಾಲು ಬೇರೆ ಬೇರೆ. ವಿದೇಶಿ ಆಸ್ತಿಯ ಪಟ್ಟಿಯನ್ನು ಅವನು ಖಾಲಿ ಬಿಟ್ಟಿದ್ದ. ಮಾರಿಯಾಯಿತಲ್ಲ ಎಂಬುದು ಅವನ ಸಮಜಾಯಿಷಿ. ಕ್ಯಾಲೆಂಡರ್ ವರ್ಷದಲ್ಲಿ ಒಂದು ದಿನ ಇಟ್ಟುಕೊಂಡಿದ್ದರೂ ಅಲ್ಲಿ ತೋರಿಸಬೇಕೆಂದು ಅದನ್ನೂ ತುಂಬಿಸಿದೆ.

‘ಮುಂದಿನ ಅವಧಿಗೆ ಸೇರಲಾ ಬೇಡ್ವಾ?’ ಎಂದ. ಸೇರು ಎಂದೆ. ಈ ಸಲ ಅರ್ಜಿಯಲ್ಲಿ ಹಿಡಿದಿಡುವ ಪರ್ಸೆಂಟ್ ತುಂಬುವಾಗ, ಜೂನ್‌ನಲ್ಲಿ ಎಷ್ಟು ಷೇರು ಕಣ್ಮರೆಯಾಗಬಹುದು ಎಂದು ಅವನೇ ಪಕ್ಕದಲ್ಲಿ ಲೆಕ್ಕ ಹಾಕಿಟ್ಟಿದ್ದ.